ಟನ್ನಿಗೆ ಸಾವಿರ ರೂಪಾಯಿ: ಕೂಡಗಿ ಬೂದಿಯ ಲೆಕ್ಕ ಕೇಳೋಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಬಾಂಧವರೇ,

ನಿಮ್ಮ ಗ್ರಾಮ ಪಂಚಾಯ್ತಿಯ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಎತ್ತಬೇಕೆಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಕೂಡಗಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರದ ಬೂದಿ ಎಲ್ಲಿಗೆ ಹೋಗುತ್ತಿದೆ? ನಮ್ಮ ಸೀಮೆಯ ಯಾವುದಾದರೂ ತಗ್ಗಿಗೆ ಬಂದು ಬೀಳುತ್ತಿದೆಯೇ? ಬಿದ್ದಿದ್ದರೆ ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು?

ಕೂಡಗಿಯ ಮೂರು ಘಟಕಗಳು ತಲಾ 800 ಮೆಗಾವಾಟ್‌ನವು, ಒಟ್ಟು 2,400. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಬೂದಿಯೇ. ಒಂದು ಯೂನಿಟ್ ಕರೆಂಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಸುಡಬೇಕು ಎಂದು ಹಿಡಿದರೆ ಇನ್ನೂರಕ್ಕೂ ಹೆಚ್ಚು ಗ್ರಾಂ ಬೂದಿ ಉಳಿಯುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ಪಾಲಿಗೆ 22 ಕೆ.ಜಿ. ಮೂರೂ ಘಟಕಗಳು ಒಂದು ದಿನ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 12,500 ಟನ್. ದಿನವೂ ಹಾಗೆ ಓಡುವುದಿಲ್ಲ, ನಿಜ. ಆದರೆ ಅದರ ಅರ್ಧ ಓಡಿದರೂ ಬೂದಿಯ ಪ್ರಮಾಣ ಸಣ್ಣದಲ್ಲ.

ಆ ಕರೆಂಟು ಕರ್ನಾಟಕಕ್ಕೂ ನೆರೆಯ ರಾಜ್ಯಗಳಿಗೂ ಹೋಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಬೂದಿ ಕೊಳ ಒಣಗಿ ಗಾಳಿಗೆ ಎದ್ದರೆ ಪಕ್ಕದ ಹೊಲದ ತೊಗರಿ, ದ್ರಾಕ್ಷಿ ಎಲೆಯ ಮೇಲೆ ಬೂದುಬಣ್ಣದ ಪದರ ಕೂರುತ್ತದೆ. ಕೊಳದ ನೀರು ಇಂಗಿದರೆ ಬಾವಿ ಕೆಡಬಹುದು. ಈ ನಷ್ಟ ಕರೆಂಟಿನ ಬಿಲ್ಲಿನಲ್ಲಿ ಎಲ್ಲೂ ಕಾಣುವುದಿಲ್ಲ. ಕೊಳ್ಳುವವನೂ ಕೊಡುವುದಿಲ್ಲ, ಮಾರುವವನೂ ಕೊಡುವುದಿಲ್ಲ, ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಮೂರನೆಯವನು ಕೊಡುತ್ತಾನೆ. ಇದನ್ನು ಸರಿಪಡಿಸುವ ದಾರಿಯನ್ನು ಇಂಗ್ಲೆಂಡಿನ ಆರ್ಥಿಕ ತಜ್ಞ ಆರ್ಥರ್ ಪಿಗು 1920ರಲ್ಲೇ ಸೂಚಿಸಿದ್ದ: ಆ ನಷ್ಟದಷ್ಟೇ ತೆರಿಗೆಯನ್ನು ಅದಕ್ಕೆ ಕಾರಣನಾದವನ ಮೇಲೆ ಹಾಕಿ. ಆಗ ಹಾನಿ ಕಡಿಮೆ ಮಾಡುವುದು ಅವನ ಲಾಭದ ಲೆಕ್ಕಕ್ಕೇ ಸೇರುತ್ತದೆ.

ಹೇಳುವುದು ಸುಲಭ. ತೆರಿಗೆಯನ್ನು ಯಾವುದರ ಮೇಲೆ ಹಾಕುತ್ತೀರಿ ಎಂಬುದರಲ್ಲಿ ಎಲ್ಲ ಇದೆ. ಕಲ್ಲಿದ್ದಲಿನ ಮೇಲೆ ಕೇಂದ್ರ ಸರ್ಕಾರ 2010ರಲ್ಲಿ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು, 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ನಮ್ಮ ಲೆಕ್ಕದಲ್ಲಿ ಯೂನಿಟ್ಟಿಗೆ 26 ಪೈಸೆ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ ದುಡ್ಡು ರಾಜ್ಯಗಳಿಗೆ ಜಿಎಸ್‌ಟಿ ನಷ್ಟ ತುಂಬಿಕೊಡುವ ಸೆಸ್ಸಾಗಿ ಬದಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಕಲ್ಲಿದ್ದಲಿನ ಮೇಲಿನ ಆ ಸೆಸ್ಸೇ ನಿಂತುಹೋಯಿತು. ಹೊಗೆಯ ಇಂಗಾಲದ ದೃಷ್ಟಿಯಿಂದ ಅದು ತಪ್ಪು ತೆರಿಗೆಯೇನಲ್ಲ. ಬೂದಿಯ ವಿಷಯದಲ್ಲಿ ಮಾತ್ರ ಅದರಿಂದ ಏನೂ ಆಗುವಂತಿರಲಿಲ್ಲ. ಬೂದಿಯನ್ನೆಲ್ಲ ಇಟ್ಟಿಗೆಗೆ ಕಳಿಸುವ ಸ್ಥಾವರಕ್ಕೂ 400, ಹಳ್ಳಕ್ಕೆ ಸುರಿಯುವ ಸ್ಥಾವರಕ್ಕೂ 400. ಒಳ್ಳೆಯದಾಗಿ ನಡೆದುಕೊಂಡರೆ ಒಂದು ಪೈಸೆಯೂ ಉಳಿಯದ ತೆರಿಗೆ ಯಾರ ನಡತೆಯನ್ನು ತಿದ್ದೀತು?

2021ರ ಡಿಸೆಂಬರ್ 31ರ ಕೇಂದ್ರ ಪರಿಸರ ಸಚಿವಾಲಯದ ಬೂದಿ ಅಧಿಸೂಚನೆ ಈ ದೃಷ್ಟಿಯಿಂದ ಬೇರೆ ಜಾತಿಯದು. ಅದು ನೇರವಾಗಿ ಉಳಿದ ಬೂದಿಯ ಮೇಲೆ ಬೆಲೆ ಕಟ್ಟುತ್ತದೆ. ಸ್ಥಾವರಗಳು ವರ್ಷಕ್ಕೆ ಕನಿಷ್ಠ ಶೇ 80ರಷ್ಟು ಬೂದಿಯನ್ನು ಉಪಯೋಗಕ್ಕೆ ಹಚ್ಚಬೇಕು, ಮೂರು ವರ್ಷದ ಸುತ್ತಿನಲ್ಲಿ ಸರಾಸರಿ ಶೇ 100 ಮುಟ್ಟಬೇಕು. ಹಿಂದುಳಿದ ಸ್ಥಾವರಗಳಿಗೆ ಮೊದಲ ಸುತ್ತಿನಲ್ಲಿ ಒಂದೆರಡು ವರ್ಷ ಹೆಚ್ಚು ಕೊಟ್ಟಿದ್ದಾರೆ. ಗುರಿ ತಪ್ಪಿದರೆ ಉಳಿದ ಪ್ರತಿ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು.

ಈ ಸಾವಿರ ರೂಪಾಯಿ ಏನು ಮಾಡಬಲ್ಲದು ಎಂಬುದನ್ನು ಒಂದು ರಸ್ತೆಯ ಮೇಲಿಟ್ಟು ನೋಡೋಣ. ಇಂಡಿ ಕಡೆ ಯರಿ ಭೂಮಿಯಲ್ಲಿ ರಸ್ತೆಯೊಂದನ್ನು ಒಂದು ಮೀಟರ್ ಎತ್ತರಿಸಬೇಕಾಗಿದೆ ಎಂದುಕೊಳ್ಳಿ. ಎಂಟು ಮೀಟರ್ ಅಗಲ ಹಿಡಿದರೆ ಕಿಲೋಮೀಟರಿಗೆ 8,000 ಘನ ಮೀಟರ್ ತುಂಬು ಬೇಕು. ದಮ್ಮಸ್ಸು ಮಾಡಿದ ಬೂದಿ ಘನ ಮೀಟರಿಗೆ ಒಂದು ಟನ್ನಿಗಿಂತ ತುಸು ಹೆಚ್ಚು ತೂಗುತ್ತದೆ. ಬದಿಗೂ ಮೇಲಕ್ಕೂ ಮಣ್ಣಿನ ಹೊದಿಕೆ ಕೊಡಲೇಬೇಕಾದ್ದರಿಂದ ಅದನ್ನು ಕಳೆದು 6,000 ಟನ್ ಬೂದಿ ಎನ್ನೋಣ. ಅಷ್ಟು ಬೂದಿ ಕೊಳದಲ್ಲೇ ಉಳಿದು ದಂಡಕ್ಕೆ ಸಿಕ್ಕರೆ ಸ್ಥಾವರಕ್ಕೆ 60 ಲಕ್ಷ ರೂಪಾಯಿ. ಇಂಡಿಯವರೆಗೆ ರಸ್ತೆ ದೂರ ನೂರು ಕಿಲೋಮೀಟರ್, ಸಾಗಣೆ ಟನ್ನಿಗೆ ಕಿಲೋಮೀಟರಿಗೆ ನಾಲ್ಕು ರೂಪಾಯಿ ಎಂದಿಟ್ಟುಕೊಂಡರೆ ಖರ್ಚು 24 ಲಕ್ಷ. ಕಳಿಸುವುದೇ ಅಗ್ಗ! ಇದೇ ಲೆಕ್ಕದಲ್ಲಿ ಸುಮಾರು 250 ಕಿಲೋಮೀಟರ್ ದೂರದವರೆಗೂ ಬೂದಿ ಸಾಗಿಸುವುದು ಗಿಟ್ಟುತ್ತದೆ. ದಂಡ ಇಲ್ಲದಿದ್ದರೆ ಹತ್ತು ಕಿಲೋಮೀಟರ್ ಕಳಿಸಲೂ ಯಾವ ಕಂಪನಿಗೂ ಕಾರಣ ಇರುವುದಿಲ್ಲ.

ಅಧಿಸೂಚನೆಯಲ್ಲಿ ನಮಗೆ ನೇರವಾಗಿ ತಟ್ಟುವ ಮಾತೂ ಇದೆ. ಸ್ಥಾವರದಿಂದ 300 ಕಿಲೋಮೀಟರ್ ಒಳಗೆ ರಸ್ತೆ, ಒಡ್ಡು ಕಟ್ಟುವ ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳು ಬೂದಿ ಬಳಸಲೇಬೇಕು, ಸ್ಥಾವರ ಅದನ್ನು ಕಾಮಗಾರಿ ಸ್ಥಳಕ್ಕೆ ಪುಕ್ಕಟೆಯಾಗಿ ತಂದುಕೊಟ್ಟಾಗ. ನಮ್ಮ ನಾಲ್ಕೂ ತಾಲ್ಲೂಕು ಆ ವ್ಯಾಪ್ತಿಯೊಳಗೇ ಬರುತ್ತವೆ. ಆದರೂ ಗುಡ್ಡ ಅಗೆದು ಗರಸು ತರುವುದು, ಹೊಳೆದಂಡೆಯ ಮೇಲ್ಮಣ್ಣು ತೆಗೆದು ಇಟ್ಟಿಗೆ ಸುಡುವುದು ನಿಂತಿಲ್ಲ. ಗುತ್ತಿಗೆದಾರರನ್ನು ಕೇಳಿದರೆ ‘ಬೂದಿ ಹಾಕಿದ್ರ ರಸ್ತಾ ಕುಸಿತೈತ್ರಿ’ ಎನ್ನುತ್ತಾರೆ. ಹೊದಿಕೆ ಇಲ್ಲದೆ ಬರೀ ಬೂದಿ ಸುರಿದರೆ ಮಳೆಗೆ ಕೊಚ್ಚಿಹೋಗುವುದು ಖರೆ. ಪದರ ಪದರವಾಗಿ ನೀರು ಹೊಡೆದು, ದಮ್ಮಸ್ಸು ಮಾಡಿ, ಬದಿಗೆ ಮಣ್ಣು ಕಟ್ಟಿದರೆ ನಿಲ್ಲುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಯರಿ ಮಣ್ಣಿಗಿಂತ ಅದು ಹೆಚ್ಚು ಸ್ಥಿರ.

ಇನ್ನು ದಾರಿ ತಪ್ಪುವುದು ಎಲ್ಲಿ? ‘ಉಪಯೋಗ’ ಎಂಬುದರ ಪಟ್ಟಿಯಲ್ಲಿ ಸಿಮೆಂಟ್, ಇಟ್ಟಿಗೆ, ರಸ್ತೆಗಳ ಜೊತೆಗೆ ತಗ್ಗು ಜಾಗ ತುಂಬುವುದೂ ಸೇರಿದೆ. ಕೊಳದಲ್ಲಿದ್ದರೆ ಸಾವಿರ ರೂಪಾಯಿ ದಂಡ ತರುವ ಬೂದಿಯನ್ನು ಐದು ಕಿಲೋಮೀಟರ್ ಆಚೆಯ ಹಳ್ಳಕ್ಕೋ ಬಿಟ್ಟ ಕಲ್ಲುಗಣಿಗೋ ಹಾಕಿದರೆ ಕಾಗದದ ಮೇಲೆ ಅದು ಉಪಯೋಗವಾಗಿಬಿಡುತ್ತದೆ. ಸಾಗಣೆ ಖರ್ಚು ಟನ್ನಿಗೆ ಇಪ್ಪತ್ತು ರೂಪಾಯಿ. ಇಂಡಿಯ ರಸ್ತೆಗೆ 400 ರೂಪಾಯಿ ಯಾರು ಖರ್ಚು ಮಾಡುತ್ತಾರೆ? ದಂಡದ ಬಲ ಪೂರ್ತಿ ಆ ಹಳ್ಳದಲ್ಲಿ ಹೂತುಹೋಗುತ್ತದೆ, ಹಾನಿ ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗವಾಗುತ್ತದೆ, ಅಷ್ಟೆ. ಕೂಡಗಿಯಲ್ಲಿ ಹೀಗೇ ಆಗಿದೆ ಎಂದು ನಾನು ಆರೋಪಿಸುತ್ತಿಲ್ಲ. ಈ ಕಂಡಿ ನಿಯಮದಲ್ಲೇ ಇರುವುದರಿಂದ ನಾವು ಕಾವಲು ಕೂರಬೇಕು ಎನ್ನುತ್ತಿದ್ದೇನೆ.

ಕಾವಲಿಗೆ ಬೇಕಾದ ಹತಾರಗಳನ್ನು ಅಧಿಸೂಚನೆಯೇ ಕೊಟ್ಟಿದೆ. ತಗ್ಗು ತುಂಬಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವಾನುಮತಿ ಬೇಕು. ಒಪ್ಪಿದ ಜಾಗ, ವಿಸ್ತೀರ್ಣ, ಪ್ರಮಾಣಗಳನ್ನು ಮಂಡಳಿ ವರ್ಷಕ್ಕೊಮ್ಮೆ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಸ್ಥಾವರವು ಬೂದಿಯ ಉತ್ಪಾದನೆ ಮತ್ತು ಬಳಕೆಯ ಮಾಹಿತಿಯನ್ನು ತಿಂಗಳು ತಿಂಗಳು ಕೇಂದ್ರ ಮಂಡಳಿಯ ಪೋರ್ಟಲ್‌ಗೆ ಏರಿಸಬೇಕು. ಆದ್ದರಿಂದ ಪಂಚಾಯ್ತಿ ಸದಸ್ಯರಲ್ಲಿ ನನ್ನ ಮೊದಲ ವಿನಂತಿ: ರಾಜ್ಯ ಮಂಡಳಿಯ ಅನುಮತಿ ಪತ್ರ, ಅದರಲ್ಲಿ ನಿಮ್ಮ ಸರ್ವೆ ನಂಬರ್, ಟನ್ನಿನ ಮಿತಿ ಇವನ್ನು ಕಣ್ಣಾರೆ ನೋಡದೆ ಒಂದು ಲಾರಿ ಬೂದಿಗೂ ಒಪ್ಪಬೇಡಿ. ‘ತಗ್ಗು ಸಮ ಆಗತೈತಿ, ಹೊಲಕ್ಕ ಬೆಲೆ ಬರತೈತಿ’ ಎಂದು ಬರುವ ಮಧ್ಯವರ್ತಿಯ ಮಾತಿಗೆ ಮರುಳಾಗುವ ಮೊದಲು ಕೆಳಗಿನ ಬಾವಿ ಯಾರದು ಎಂದು ಯೋಚಿಸಿ. ಈಗಾಗಲೇ ತುಂಬಿದ ಜಾಗವಿದ್ದರೆ ಹತ್ತಿರದ ಬಾವಿಯ ನೀರಿನಲ್ಲಿ ಸಲ್ಫೇಟ್ ಮತ್ತು ಬೋರಾನ್ ಪರೀಕ್ಷೆ ಮಾಡಿಸಿ. ಬೂದಿಯಿಂದ ಬೇಗ ಕರಗಿ ನೀರಿಗೆ ಸೇರುವವು ಅವು, ಮಾಮೂಲಿ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಬೋರಾನ್ ನೋಡದೇ ಇರಬಹುದು, ಹೆಸರು ಹೇಳಿ ಕೇಳಬೇಕು. ಮೇಲ್ಗಡೆಯ ದೂರದ ಬಾವಿಯ ನೀರನ್ನೂ ಜೊತೆಗೆ ಕೊಡಿ. ಎರಡನ್ನೂ ಹೋಲಿಸದಿದ್ದರೆ ನಮ್ಮ ಸೀಮೆಯ ಸಹಜ ಸವುಳಿನ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುತ್ತಾರೆ.

ಲೋಕೋಪಯೋಗಿ ಮತ್ತು ಪಂಚಾಯತ್ ರಾಜ್ ಎಂಜಿನಿಯರುಗಳೇ, ಮಣ್ಣು ತುಂಬುವ ಕಾಮಗಾರಿಯ ಅಂದಾಜು ಪಟ್ಟಿ ಮಾಡುವಾಗ ಬೂದಿಯನ್ನು ಅದರಲ್ಲೇ ಸೇರಿಸಿ, ಪುಕ್ಕಟೆ ಸಾಗಣೆ ಕೇಳಿ ಸ್ಥಾವರಕ್ಕೆ ಲಿಖಿತ ಪತ್ರ ಕಳಿಸಿ. ಅವರು ನಿರಾಕರಿಸಿದರೆ ಆ ಉತ್ತರವೇ ಒಂದು ದಾಖಲೆ. ಮನೆ ಕಟ್ಟುವವರು ಬೂದಿ ಇಟ್ಟಿಗೆಯ ದರವನ್ನೂ ಒಮ್ಮೆ ಕೇಳಿ ನೋಡಿ. ಇಪ್ಪತ್ತನಾಲ್ಕು ತಾಸು ನೀರಿನಲ್ಲಿ ಮುಳುಗಿಸಿ ತೂಗಿದಾಗ ಐದನೇ ಒಂದಕ್ಕಿಂತ ಹೆಚ್ಚು ತೂಕ ಏರುವ ಇಟ್ಟಿಗೆಯನ್ನು ಮಾತ್ರ ತರಬೇಡಿ.

ಇಷ್ಟೆಲ್ಲ ಓಡಾಟ ಯಾಕೆ, ಸರ್ಕಾರ ನೋಡಿಕೊಳ್ಳುವುದಿಲ್ಲವೇ ಎನ್ನುವವರು ಹೊಗೆಯ ಕಥೆ ನೆನಪಿಸಿಕೊಳ್ಳಬೇಕು. 2015ರ ಡಿಸೆಂಬರ್‌ನಲ್ಲಿ ಗಂಧಕದ ಡೈಆಕ್ಸೈಡ್‌ಗೆ ಬಿಗಿಯಾದ ಮಿತಿ ಬಂತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈ 11ರಂದು, ಹತ್ತು ಲಕ್ಷಕ್ಕೂ ಹೆಚ್ಚು ಜನವಸತಿಯ ಪಟ್ಟಣಗಳಿಂದ, ಗಾಳಿ ಕೆಟ್ಟ ಪಟ್ಟಣಗಳಿಂದ, ತೀರಾ ಮಲಿನ ಪ್ರದೇಶಗಳಿಂದ ದೂರ ಇರುವ ಸ್ಥಾವರಗಳಿಗೆ, ಚಿಮಣಿಯ ಎತ್ತರದ ಷರತ್ತು ಇಟ್ಟು, ಆ ಮಿತಿಯಿಂದಲೇ ವಿನಾಯಿತಿ ಕೊಟ್ಟರು. ಹಳ್ಳಿಗಳ ನಡುವೆ ನಿಂತ ಸ್ಥಾವರಗಳು ಆ ಗುಂಪಿಗೇ ಸೇರುತ್ತವೆ. ಉಸಿರಾಡುವವರು ಕಡಿಮೆ ಇದ್ದಾರೆ ಎಂಬ ತರ್ಕ ಅದು. ನನಗೆ ಒಪ್ಪಿಗೆಯಿಲ್ಲ. ಬೂದಿಯ ದಂಡಕ್ಕೂ ಅದೇ ಗತಿ ಬರುವ ಮೊದಲು ಅದನ್ನು ಬಳಸಬೇಕು.

ಕೂಡಗಿ ಭಾಗದ ಜನ ತಮ್ಮ ಪಾಲಿನದನ್ನು ಮೊದಲೇ ಮಾಡಿದ್ದಾರೆ. ಅವರ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಮಾರ್ಚ್ 13ರಂದು ಸ್ಥಾವರದ ಪರಿಸರ ಅನುಮತಿಯನ್ನು ಮರುಪರಿಶೀಲಿಸಲು ಹೇಳಿತ್ತು. ಅದೇ ವರ್ಷ ಜುಲೈ 5ರಂದು ಪ್ರತಿಭಟನೆಗೆ ನಿಂತ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೂ ಸ್ಥಾವರ ಬಂತು, ಕರೆಂಟು ಬಂತು. ಈಗ ಅದನ್ನು ಮುಚ್ಚಿರೆಂದು ನಾನು ಕೇಳುತ್ತಿಲ್ಲ. ಬೂದಿ ಸಾಗಿಸುವ ಖರ್ಚು ಕರೆಂಟಿನ ದರಕ್ಕೆ ಸೇರಿ ನಾಲ್ಕು ಪೈಸೆ ಹೆಚ್ಚಾದರೆ ಆಗಲಿ, ಬಳಸುವ ನಾವೆಲ್ಲ ಹಂಚಿಕೊಂಡು ಕೊಡೋಣ. ಪಕ್ಕದ ಹೊಲದವನೊಬ್ಬನೇ ಕೊಡುವುದು ನಿಲ್ಲಲಿ.

ಒಂದು ಕೊರತೆ ಶಾಸಕರೂ ಸಂಸದರೂ ತುಂಬಬೇಕಾದದ್ದು. ದಂಡದ ಹಣ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಖಾತೆಗೆ ಹೋಗುತ್ತದೆ, ಬೂದಿ ಬಿದ್ದ ಪಂಚಾಯ್ತಿಗೆ ನೇರವಾಗಿ ಬರುವ ದಾರಿಯಿಲ್ಲ. ಅದರಲ್ಲಿ ಒಂದು ಪಾಲು ಸ್ಥಾವರದ ಸುತ್ತಲಿನ ಬಾವಿ ಪರೀಕ್ಷೆಗೆ, ಬೆಳೆ ನಷ್ಟಕ್ಕೆ ಮೀಸಲಾಗಬೇಕು ಎಂಬ ಠರಾವು ಗ್ರಾಮಸಭೆಗಳಿಂದ ಹೊರಡಲಿ.

ಅದಕ್ಕೂ ಮೊದಲು ಲೆಕ್ಕ ಕೈಗೆ ಬರಬೇಕು. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯನ್ನು ವಿಜಯಪುರದ ರಾಜ್ಯ ಮಂಡಳಿ ಕಚೇರಿಗೆ ಹಾಕಿ, ಇಷ್ಟನ್ನು ಕೇಳಿ: 2022ರ ಏಪ್ರಿಲ್‌ನಿಂದ ಇಲ್ಲಿಯವರೆಗೆ ವರ್ಷವಾರು ಎಷ್ಟು ಟನ್ ಬೂದಿ ಬಂತು, ಸಿಮೆಂಟಿಗೆ, ಇಟ್ಟಿಗೆಗೆ, ರಸ್ತೆಗೆ, ತಗ್ಗಿಗೆ ಎಷ್ಟೆಷ್ಟು ಹೋಯಿತು, ತಗ್ಗು ತುಂಬಿದ ಜಾಗಗಳ ಸರ್ವೆ ನಂಬರ್ ಯಾವುವು, ಎಷ್ಟು ದಂಡ ವಿಧಿಸಿದರು, ಎಷ್ಟು ವಸೂಲಾಯಿತು. ಉತ್ತರ ಬಂದಾಗ ಅದರ ಒಂದು ಪ್ರತಿಯನ್ನು ಪಂಚಾಯ್ತಿಯ ಫಲಕಕ್ಕೆ ಅಂಟಿಸಿ. ಆ ಸರ್ವೆ ನಂಬರುಗಳಲ್ಲಿ ನಿಮ್ಮ ಊರಿನದು ಇದ್ದರೆ, ಪಟ್ಟಿ ಕೈಯಲ್ಲಿ ಹಿಡಿದು ಸ್ಥಳಕ್ಕೇ ಹೋಗಿ ನೋಡಿ ಬನ್ನಿ.