ಪಂಚಾಯಿತಿ ಮೊದಲು ತನ್ನ ಕಚೇರಿಯ ಕಸ ತೂಗಲಿ

ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ ಅಂತ ಪಂಚಾಯಿತಿಯವರು ನಮ್ಮ ಮನೆ ಬಾಗಿಲಿಗೆ ಬಂದು ಹೇಳುತ್ತಾರೆ. ಸ್ವಚ್ಛ ವಾಹಿನಿ ಗಾಡಿ ಮೈಕಿನಲ್ಲಿ ಅದನ್ನೇ ಕೂಗುತ್ತಾ ಹೋಗುತ್ತದೆ. ಹಲವು ಕಡೆ ಮನೆಗಿಷ್ಟು ಅಂತ ತಿಂಗಳ ಶುಲ್ಕವನ್ನೂ ಕೇಳುತ್ತಾರೆ. ಹೇಳುವುದು ತಪ್ಪಲ್ಲ. ಆದರೆ ಅದೇ ಪಂಚಾಯಿತಿ ಕಚೇರಿಯ ಹಿಂದೆ ಹೋಗಿ ನೋಡಿ. ಟೀ ಕಪ್ಪು, ಹಾರದ ಹೂವು, ಜೆರಾಕ್ಸ್ ಹಾಳೆ, ನೀರಿನ ಬಾಟಲಿ ಎಲ್ಲ ಒಂದೇ ಗುಡ್ಡೆಯಾಗಿ ಬಿದ್ದಿರುತ್ತವೆ. ಎಷ್ಟೋ ಕಡೆ ಸಂಜೆ ಅದಕ್ಕೆ ಬೆಂಕಿಯೂ ಬೀಳುತ್ತದೆ.

ನನ್ನ ವಾದ ಇಷ್ಟೇ: ಊರಿಗೆ ಗುರಿ ಹೇಳುವ ಮೊದಲು ಕಚೇರಿ ತನ್ನ ಕಸವನ್ನು ಒಂದು ವಾರ ತೂಗಬೇಕು, ಯಾವುದು ಎಷ್ಟು ಅಂತ ಬರೆಯಬೇಕು, ಬರೆದದ್ದನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಇದಕ್ಕೆ ಕಸದ ಆಡಿಟ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಸಣ್ಣದಾದರೂ ಸರಿಯಾಗಿ ಮಾಡದಿದ್ದರೆ ಲೆಕ್ಕ ಸುಳ್ಳು ಹೇಳುತ್ತದೆ.

ತೂಗುವ ವಾರ

ಮೊದಲು ವಾರ ಆರಿಸಬೇಕು. ಗ್ರಾಮಸಭೆ, ಧ್ವಜಾರೋಹಣ, ಹಳೇ ಫೈಲು ಖಾಲಿ ಮಾಡುವ ದಿನ ಇಲ್ಲದ, ಸಾಮಾನ್ಯವಾದ ಒಂದು ವಾರ ಬೇಕು. ಸಭೆಯ ದಿನದ ಕಸವನ್ನು ಬೇರೆಯಾಗಿ ಇನ್ನೊಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಎರಡನ್ನೂ ಕಲಸಿದರೆ ಮುಂದಿನ ಸಲ ಯಾವುದಕ್ಕೆ ಹೋಲಿಸುವುದು ಅಂತಲೇ ತಿಳಿಯುವುದಿಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಕೊಕ್ಕೆಗೆ ಚೀಲ ನೇತುಹಾಕಿ ತೂಗುವ ಡಿಜಿಟಲ್ ತಕ್ಕಡಿ, ಒಂದು ಟಾರ್ಪಾಲು, ಐದಾರು ಚೀಲ, ಕೈಗವಸು, ಮಾಸ್ಕ್, ಒಂದು ನೋಟ್‌ಬುಕ್ಕು. ಪ್ರತಿದಿನ ಕಚೇರಿ ಮುಗಿಯುವ ಹೊತ್ತಿಗೆ ಎಲ್ಲ ಬುಟ್ಟಿಗಳನ್ನೂ ಟಾರ್ಪಾಲಿನ ಮೇಲೆ ಸುರಿದು ಬೇರ್ಪಡಿಸಬೇಕು. ಮೊದಲು ಹಸಿಯನ್ನು ಎತ್ತಿ ಪಕ್ಕಕ್ಕಿಡಿ. ಟೀ ನೀರು ಕುಡಿದ ಕಾಗದ ಒಣ ಕಾಗದಕ್ಕಿಂತ ಎಷ್ಟೋ ಭಾರ ಇರುತ್ತದೆ, ಹಾಗಾಗಿ ರಾತ್ರಿಯಿಡೀ ಒಟ್ಟಿಗೆ ಬಿದ್ದ ಕಸವನ್ನು ಬೆಳಿಗ್ಗೆ ತೂಗಿದರೆ ಕಾಗದದ ಲೆಕ್ಕ ಉಬ್ಬುತ್ತದೆ. ಖಾಲಿ ಚೀಲದ ತೂಕ ಕಳೆಯುವುದನ್ನು ಮರೆಯಬಾರದು. ಶೌಚಾಲಯದ ಬುಟ್ಟಿಯಲ್ಲಿ ಕಟ್ಟಿಟ್ಟ ಪೊಟ್ಟಣಗಳನ್ನು ಯಾರೂ ಬಿಚ್ಚಬಾರದು, ಎಣಿಸಿದರೆ ಸಾಕು.

ಈ ಕೆಲಸವನ್ನು ಗುಡಿಸುವ ಅಕ್ಕನೊಬ್ಬಳ ಮೇಲೆ ಹೊರಿಸಿ ಉಳಿದವರು ಕುರ್ಚಿಯಲ್ಲಿ ಕೂರುವುದು ಬೇಡ. ಅವರಿಗೆ ಯಾವ ಮೇಜಿನ ಕೆಳಗೆ ಏನು ಬೀಳುತ್ತದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಅವರ ಮಾತು ಕೇಳಬೇಕು. ಸುರಿದು ಬೇರ್ಪಡಿಸಲು ದಿನಕ್ಕೊಬ್ಬ ಸಿಬ್ಬಂದಿ, ಸಾಧ್ಯವಾದರೆ ಒಂದು ದಿನ ಪಿಡಿಒ ಕೂಡ ಕೈಹಚ್ಚಬೇಕು. ತಾವು ಬಿಸಾಡಿದ್ದನ್ನು ತಾವೇ ಎತ್ತಿದಾಗ ಅದು ಯಾಕೆ ಬಂತು ಅನ್ನುವ ಉತ್ತರ ಅಲ್ಲೇ ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ

ಇದು ಯಾವ ಪಂಚಾಯಿತಿಯ ಅಂಕಿಯೂ ಅಲ್ಲ. ವಿಷಯ ತಿಳಿಯಲಿ ಅಂತ ಹಿಡಿದ ಲೆಕ್ಕ. ಹತ್ತು ಮಂದಿ ಸಿಬ್ಬಂದಿ, ದಿನಕ್ಕೆ ನಲವತ್ತು ಜನ ಬಂದುಹೋಗುವ ಕಚೇರಿ ಅಂದುಕೊಳ್ಳಿ. ಆರು ದಿನ ತೂಗಿದಾಗ ಒಟ್ಟು 20 ಕಿಲೋ ಕಸ ಬಂತು. ಅದರಲ್ಲಿ:

- ಊಟದ ಡಬ್ಬಿಯಲ್ಲಿ ಉಳಿದದ್ದು, ಬಾಳೆಹಣ್ಣಿನ ಸಿಪ್ಪೆ, ಹಾರದ ಹೂವು: 9 ಕಿಲೋ
- ಕಾಗದ: 5 ಕಿಲೋ
- ಗುಡಿಸಿದ ಮಣ್ಣು, ಧೂಳು: 3 ಕಿಲೋ
- ನೀರಿನ ಬಾಟಲಿ, ಹಾಲಿನ ಪ್ಯಾಕೆಟ್, ಕುರುಕಲು ತಿಂಡಿಯ ಕವರ್: ಒಂದೂವರೆ ಕಿಲೋ
- ಕಾಗದದ ಟೀ ಕಪ್ಪು: 1 ಕಿಲೋ
- ಸೆಲ್ಲು, ಸುಟ್ಟ ಬಲ್ಬು, ಪ್ರಿಂಟರಿನ ಖಾಲಿ ಕಾರ್ಟ್ರಿಜ್: ಅರ್ಧ ಕಿಲೋ

ಈಗ ಸಾಹೇಬರು ಸಭೆ ಕರೆದು, ಮೂರು ತಿಂಗಳಲ್ಲಿ ನಮ್ಮ ಕಸವನ್ನು ಶೇಕಡಾ 20ರಷ್ಟು ಇಳಿಸುತ್ತೇವೆ ಅಂತ ಘೋಷಿಸಿದರು ಅನ್ನಿ. ಚಪ್ಪಾಳೆ ಬೀಳುತ್ತದೆ. 20 ಕಿಲೋದಲ್ಲಿ ಶೇಕಡಾ 20 ಅಂದರೆ 4 ಕಿಲೋ. ಕಚೇರಿಯ ಹಿಂದೆ ಒಂದು ಗೊಬ್ಬರದ ಗುಂಡಿ ತೋಡಿ, ಹೂವನ್ನೂ ಸಿಪ್ಪೆಯನ್ನೂ ಅದಕ್ಕೆ ಹಾಕಿದರೆ ಗಾಡಿಗೆ ಹೋಗುವ ಕಸದಲ್ಲಿ ಅಷ್ಟು ಸುಲಭವಾಗಿ ಇಳಿಯುತ್ತದೆ. ಗುರಿ ಮುಟ್ಟಿತು. ಆದರೆ ಟೀ ಕಪ್ಪು ಒಂದೂ ಕಡಿಮೆಯಾಗಲಿಲ್ಲ, ಕಾಗದ ಒಂದು ಹಾಳೆಯೂ ಉಳಿಯಲಿಲ್ಲ.

ಗುಂಡಿ ತೋಡಿದ್ದು ಒಳ್ಳೆಯದೇ. ಆದರೆ ಕಸವನ್ನು ಬೇರೆ ಕಡೆ ಕಳಿಸುವುದು ಒಂದು, ಕಸವೇ ಹುಟ್ಟದಂತೆ ಮಾಡುವುದು ಇನ್ನೊಂದು. ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇರಬೇಕು. ಒಟ್ಟು ತೂಕಕ್ಕೆ ಒಂದೇ ಗುರಿ ಇಟ್ಟರೆ ಕಚೇರಿ ಸುಲಭದ್ದನ್ನು ಮಾಡಿ ಕಷ್ಟದ್ದನ್ನು ಬಿಡುತ್ತದೆ. ಅದಕ್ಕೇ ಪ್ರತಿ ಬಗೆಯ ಕಸಕ್ಕೂ ಪ್ರತ್ಯೇಕ ಗುರಿ ಇರಬೇಕು ಅನ್ನುವುದು.

ಕಪ್ಪನ್ನು ಎಣಿಸಬೇಕು

ಮೇಲಿನ ಪಟ್ಟಿಯಲ್ಲಿ ಟೀ ಕಪ್ಪು ಬರೀ 1 ಕಿಲೋ. ನೂರಕ್ಕೆ ಐದು ಪಾಲು. ತೂಕ ನೋಡಿದರೆ ಅದನ್ನು ಬಿಟ್ಟುಬಿಡಬಹುದು ಅನ್ನಿಸುತ್ತದೆ. ಎಣಿಸಿ ನೋಡಿ. ದಿನಕ್ಕೆ 60 ಕಪ್ಪು ಅಂದರೆ ಆರು ದಿನಕ್ಕೆ 360. ವರ್ಷದ ಐವತ್ತು ವಾರಕ್ಕೆ 18,000. ಚೀಲದಲ್ಲಿ ಅರ್ಧ ಜಾಗ ಅವೇ ತಿನ್ನುತ್ತವೆ. ಕಾಗದದ ಕಪ್ಪು ಅನ್ನುತ್ತೇವೆ, ಆದರೆ ಬಿಸಿ ಟೀ ಸೋರದಂತೆ ಅದರ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಹಾಗಾಗಿ ಗೊಬ್ಬರದ ಗುಂಡಿಗೆ ಹಾಕಿದರೆ ಆ ಪದರ ಕೊಳೆಯದೆ ಉಳಿಯುತ್ತದೆ. ಗುಜರಿಯವರ ಕಾಗದದ ಮೂಟೆಗೂ ಅದು ಸೇರುವುದಿಲ್ಲ. ಆದ್ದರಿಂದ ಹಗುರವಾದ ಕಸವನ್ನು ಕಿಲೋದಲ್ಲಿ ಅಲ್ಲ, ಸಂಖ್ಯೆಯಲ್ಲಿ ಬರೆಯಬೇಕು.

ಗುರಿಯೂ ಸಂಖ್ಯೆಯಲ್ಲೇ ಇರಲಿ: ವಾರಕ್ಕೆ 360 ಇರುವ ಕಪ್ಪು ಮೂರು ತಿಂಗಳಲ್ಲಿ 60ಕ್ಕೆ ಇಳಿಯಬೇಕು. ಮೂವತ್ತು ಸ್ಟೀಲ್ ಲೋಟ ತಂದರೆ ಆಗುತ್ತದೆ. ಆದರೆ ಲೋಟ ತೊಳೆಯುವವರು ಯಾರು? ಇಲ್ಲೇ ಹಲವು ಯೋಜನೆಗಳು ಮುರಿದು ಬೀಳುವುದು. ಮೊದಲ ವಾರ ಲೋಟ ಮಿರಮಿರ ಮಿಂಚುತ್ತವೆ, ಎರಡನೇ ವಾರ ಸಿಂಕಿನಲ್ಲಿ ಗುಡ್ಡೆಯಾಗುತ್ತವೆ, ಮೂರನೇ ವಾರ ಪೇಪರ್ ಕಪ್ಪು ವಾಪಸ್ ಬರುತ್ತದೆ. ಗುಡಿಸುವ ಅಕ್ಕನಿಗೆ ಸಂಬಳ ಹೆಚ್ಚಿಸದೆ ದಿನಕ್ಕೆ ಅರವತ್ತು ಲೋಟ ತೊಳೆಸಿದರೆ ಅದು ಕಸ ಕಡಿಮೆ ಮಾಡಿದ್ದಲ್ಲ, ಒಬ್ಬರ ಬೆನ್ನಿಗೆ ಕಟ್ಟಿದ್ದು. ಸಿಬ್ಬಂದಿ ತಮ್ಮ ಲೋಟ ತಾವೇ ತೊಳೆಯಲಿ. ಬಂದವರ ಲೋಟ ತೊಳೆಯುವ ಕೆಲಸಕ್ಕೆ ಕೂಲಿ ಬರೆಯಲಿ. ಕಪ್ಪಿನ ಬಿಲ್ಲು ಉಳಿಯುತ್ತದಲ್ಲ, ಅದರಿಂದಲೇ ಸ್ವಲ್ಪ ಹುಟ್ಟುತ್ತದೆ.

ಕಾಗದದಲ್ಲಿ ಅಡಗಿರುವುದು

ಕಾಗದದ 5 ಕಿಲೋವನ್ನು ಇನ್ನೊಮ್ಮೆ ಬೇರ್ಪಡಿಸಬೇಕು. ಒಂದೇ ಮಗ್ಗುಲು ಪ್ರಿಂಟ್ ಆದದ್ದು, ಎರಡೂ ಮಗ್ಗುಲು ಆದದ್ದು, ಲಕೋಟೆ ಮತ್ತು ರಟ್ಟು. ನಮ್ಮ ಲೆಕ್ಕದಲ್ಲಿ 3 ಕಿಲೋ ಒಂದೇ ಮಗ್ಗುಲಿನದು ಅಂದುಕೊಳ್ಳಿ. ಸಾಮಾನ್ಯ 70 ಜಿಎಸ್ಎಂ ಎ4 ಹಾಳೆ ಒಂದಕ್ಕೆ ಸುಮಾರು 4.4 ಗ್ರಾಂ ತೂಗುತ್ತದೆ. ಅಲ್ಲಿಗೆ ವಾರಕ್ಕೆ 680 ಹಾಳೆ, ಅಂದರೆ ಒಂದು ಕಟ್ಟಿಗಿಂತ ಹೆಚ್ಚು, ಬುಟ್ಟಿಗೆ ಹೋಯಿತು.

ಯಾಕೆ ಹೋಯಿತು ಅಂತ ಹಾಳೆ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಹೆಸರಿನಲ್ಲಿ ಅಕ್ಷರ ತಪ್ಪಿ ಮತ್ತೆ ತೆಗೆದ ಅರ್ಜಿ, ಕರೆಂಟು ಹೋಗಿ ಅರ್ಧಕ್ಕೆ ನಿಂತ ಪ್ರಿಂಟು, ಇಬ್ಬರಿಗೆ ಬೇಕಿದ್ದ ಸುತ್ತೋಲೆಯ ಹತ್ತು ಪ್ರತಿ. ಅಕ್ಷರ ತಪ್ಪಿಗೆ ಮದ್ದು ಬೇರೆ: ಪ್ರಿಂಟ್ ಒತ್ತುವ ಮೊದಲು ಅರ್ಜಿದಾರರಿಗೆ ಪರದೆಯಲ್ಲೇ ಹೆಸರು ತೋರಿಸುವುದು. ಸುತ್ತೋಲೆಗೆ ಮದ್ದು ಬೇರೆ: ಎರಡೂ ಮಗ್ಗುಲು ಪ್ರಿಂಟ್, ಬೇಕಾದಷ್ಟೇ ಪ್ರತಿ. ಕಾಗದ ಉಳಿಸಿ ಅಂತ ಗೋಡೆಗೆ ಬರೆದರೆ ಎರಡೂ ಆಗುವುದಿಲ್ಲ.

ಇನ್ನೊಂದು ಎಚ್ಚರ. ಒಂದು ಮಗ್ಗುಲು ಖಾಲಿ ಇದೆ ಅಂತ ಎಲ್ಲ ಹಾಳೆಯನ್ನೂ ಚೀಟಿಗೆ ಬಳಸುವಂತಿಲ್ಲ. ಬೋಂಡಾ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ಆಧಾರ್ ಜೆರಾಕ್ಸ್ ನೋಡಿದವರು ನಮ್ಮಲ್ಲಿ ಇದ್ದೇವೆ. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರು ಇರುವ ಹಾಳೆಯನ್ನು ಹರಿದು ಚೂರು ಮಾಡಿಯೇ ಗುಜರಿಗೆ ಕೊಡಬೇಕು. ಫೈಲಿನ ಕಾಗದ ಈ ಲೆಕ್ಕಕ್ಕೇ ಬರುವುದಿಲ್ಲ, ಅದನ್ನು ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೆ ಬೇರೆ ನಿಯಮ ಇದೆ. ಕಸ ಕಡಿಮೆ ಮಾಡುವ ನೆಪದಲ್ಲಿ ದಾಖಲೆ ಮಾಯವಾದರೆ ನಷ್ಟ ನಮ್ಮದೇ.

ಲೆಕ್ಕ ಸುಳ್ಳಾಗಿದ್ದರೆ ತಿಳಿಯುವುದು ಹೇಗೆ

ತೂಗುವ ವಾರ ಅಂತ ಗೊತ್ತಾದರೆ ಕೆಲವರು ಹುಷಾರಾಗುತ್ತಾರೆ. ಕಪ್ಪು ಕಿಟಕಿಯಿಂದ ಆಚೆ ಹೋಗುತ್ತದೆ, ಕಾಗದ ಒಲೆಗೆ ಹೋಗುತ್ತದೆ. ಪುಸ್ತಕದಲ್ಲಿ ಕಸ ಕಡಿಮೆ. ಇದನ್ನು ಹಿಡಿಯಲು ಎರಡು ದಾರಿ ಇವೆ. ಒಂದು, ಕಚೇರಿಯ ಹಿಂದೆ ಹೊಸ ಬೂದಿ ಇದೆಯಾ ನೋಡುವುದು. ಇನ್ನೊಂದು, ಖರೀದಿ ಬಿಲ್ಲು. ತಿಂಗಳಿಗೆ ಎಷ್ಟು ಕಟ್ಟು ಎ4 ಹಾಳೆ, ಎಷ್ಟು ಕಪ್ಪು ಬಂದವು ಅಂತ ಬಿಲ್ಲಿನಲ್ಲಿ ಇರುತ್ತದೆ. ಕಪ್ಪಂತೂ ಎಷ್ಟು ಬಂತೋ ಹೆಚ್ಚುಕಮ್ಮಿ ಅಷ್ಟೇ ಕಸವಾಗಬೇಕು. ವಾರಕ್ಕೆ 360 ಕಪ್ಪು ಖರ್ಚಾಗಿ 100 ಮಾತ್ರ ಎಣಿಕೆಗೆ ಸಿಕ್ಕರೆ ಉಳಿದವು ಚರಂಡಿಯಲ್ಲೋ ಬೆಂಕಿಯಲ್ಲೋ ಇವೆ.

ಮೂರು ತಿಂಗಳ ನಂತರ ಅಂಥದ್ದೇ ಸಾಮಾನ್ಯ ವಾರದಲ್ಲಿ ಮತ್ತೆ ತೂಗಬೇಕು. ಆಗ ಬಂದ ಜನರ ಸಂಖ್ಯೆಯನ್ನೂ ಬರೆಯಬೇಕು. ಮೊದಲ ವಾರ ದಿನಕ್ಕೆ ನಲವತ್ತು ಜನ ಬಂದು, ಈ ಸಲ ಅರವತ್ತು ಜನ ಬಂದಿದ್ದರೆ ಕಾಗದ ಇಳಿಯದಿದ್ದರೂ ಕಚೇರಿ ಸುಧಾರಿಸಿದೆ ಅಂತಲೇ ಅರ್ಥ. ಜನ ಕಡಿಮೆಯಾಗಿ ಕಸ ಇಳಿದಿದ್ದರೆ ಬೆನ್ನು ತಟ್ಟಿಕೊಳ್ಳಲು ಕಾರಣ ಇಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಕಸದ ಮಾತು ಬಂದಾಗ ನೀವು ಕೇಳಬೇಕಾದದ್ದು ಮೂರು: ನಮ್ಮ ಕಚೇರಿಯಲ್ಲಿ ವಾರಕ್ಕೆ ಎಷ್ಟು ಕಪ್ಪು, ಎಷ್ಟು ಕಾಗದ ಬಿಸಾಡುತ್ತೀರಿ? ಮೂರು ತಿಂಗಳಲ್ಲಿ ಅದನ್ನು ಎಷ್ಟಕ್ಕೆ ಇಳಿಸುತ್ತೀರಿ? ಲೋಟ ಯಾರು ತೊಳೆಯುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಉತ್ತರ ಸಿಗದಿದ್ದರೆ ಕಪ್ಪು ಮತ್ತು ಕಾಗದದ ಖರೀದಿ ಬಿಲ್ಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಅರ್ಜಿ ಶುಲ್ಕ 10 ರೂಪಾಯಿ. ಕಚೇರಿಯವರು ತಮ್ಮ ಅಂಕಿಯನ್ನು ಬೋರ್ಡಿಗೆ ಅಂಟಿಸಿದ ದಿನ ನಮ್ಮ ಮನೆಯ ಕಸವನ್ನು ಕೇಳಲು ಬರಲಿ. ಆಗ ನಾವೂ ಎರಡು ಬುಟ್ಟಿ ಮುಂದಿಡೋಣ.