ಉಮ್ಮ ಎರಡಕ್ಷರವೋ, ಮೂರಕ್ಷರವೋ?

"ಉಮ್ಮ" ಎಂಬ ಪದದಲ್ಲಿ ಎಷ್ಟು ಅಕ್ಷರ? ಕನ್ನಡ ಶಾಲೆಯಲ್ಲಿ ಕಲಿತ ನಾನು ಎರಡು ಅಂತೇನೆ. ತಮಿಳುನಾಡಿನ ಕಂಬಂನಲ್ಲಿ ತಮಿಳು ಶಾಲೆಗೆ ಹೋಗುವ ನನ್ನ ಅಕ್ಕನ ಮಗಳು ಮೂರು ಅಂತಾಳೆ. ಇಬ್ಬರ ಲೆಕ್ಕವೂ ಸರಿ. ಅದು ಆಗ ನನಗೆ ಗೊತ್ತಿರಲಿಲ್ಲ, ಹಾಗಾಗಿ ನಾನು ಅವಳಿಗೆ ತಪ್ಪು ಹಾಕಿದ್ದೆ. ಈ ಬರಹ ಆ ತಪ್ಪಿನ ಬಗ್ಗೆ.

ಕಳೆದ ರಜೆಯಲ್ಲಿ ಮನೆಯ ಮಕ್ಕಳಿಗೆಲ್ಲ ಒಂದು ಚಿಕ್ಕ ಪದಬಂಧ ಮಾಡಿದ್ದೆ. ನಾವು ಮಾತಾಡುವ ಬ್ಯಾರಿ ಪದಗಳು, ಜೊತೆಗೆ ಕೆಲವು ಕನ್ನಡ ಪದಗಳು, ಎಲ್ಲ ಕನ್ನಡ ಲಿಪಿಯಲ್ಲಿ. ಭಾವನ ಅಂಗಡಿ ಕಂಬಂನಲ್ಲಿದೆ. ನಾನು ಅಲ್ಲಿಗೆ ಹೋದಾಗ ಒಂದು ಪ್ರತಿ ಒಯ್ದಿದ್ದೆ. ಸೊಸೆಗೆ ಮನೆಯಲ್ಲಿ ಬ್ಯಾರಿ ಮಾತು ಚೆನ್ನಾಗಿ ಬರುತ್ತದೆ, ಕನ್ನಡ ಅಕ್ಷರವನ್ನು ಅಕ್ಕ ಕಲಿಸಿದ್ದಾಳೆ. ಆದರೂ ಅವಳ ಹಾಳೆಯಲ್ಲಿ ಅರ್ಧ ಚೌಕಗಳು ಖಾಲಿ. "ನಿನ್ನನ್ನು ಹೆತ್ತವಳು (2)" ಎಂಬ ಸುಳಿವಿನ ಎದುರು ಏನೂ ಇರಲಿಲ್ಲ. "ಇದೂ ಗೊತ್ತಿಲ್ವಾ?" ಅಂತ ಕೇಳಿದೆ. "ಗೊತ್ತುಂಟು ಮಾಮ, ಹಿಡಿಯುವುದಿಲ್ಲ" ಅಂದಳು.

ಹಿಡಿಯುವುದಿಲ್ಲ ಅಂದದ್ದು ಯಾಕೆ ಅಂತ ಇನ್ನೊಂದು ಸಾಲು ನೋಡಿದಾಗ ಅರ್ಥವಾಯಿತು. "ಬೋಡಿಯಲ್ಲಿ ಹರಾಜಾಗುವ ಪರಿಮಳದ ಕಾಯಿ (3)" ಅಂತ ಸುಳಿವು ಕೊಟ್ಟಿದ್ದೆ. ಬೋಡಿನಾಯಕನೂರು ಅವರ ಜಿಲ್ಲೆಯದೇ ಊರು, ಏಲಕ್ಕಿ ಹರಾಜು ಅಲ್ಲಿನ ಮಕ್ಕಳಿಗೂ ಗೊತ್ತು. ಅವಳು ಮೊದಲ ಚೌಕದಲ್ಲಿ ಏ, ಎರಡನೆಯದರಲ್ಲಿ ಲ, ಮೂರನೆಯದರಲ್ಲಿ ಕ್ ಬರೆದು ನಿಲ್ಲಿಸಿದ್ದಳು. ಪದ ಮುಗಿಯುವ ಮೊದಲೇ ಚೌಕ ಮುಗಿದಿತ್ತು.

ಕಾರಣ ಸರಳ. ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ತಿ ಅಕ್ಷರ, ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ಹಾಗಾಗಿ ಏ, ಲ, ಕ್ಕಿ ಮೂರು ಚೌಕ. ತಮಿಳಿನಲ್ಲಿ ಒತ್ತು ಬರೆಯುವುದಿಲ್ಲ. ಸ್ವರವಿಲ್ಲದ ವ್ಯಂಜನದ ಮೇಲೆ ಪುಳ್ಳಿ, ಅಂದರೆ ಚುಕ್ಕಿ, ಇಟ್ಟು ಅದನ್ನೇ ಒಂದು ಅಕ್ಷರವಾಗಿ ಎಣಿಸುತ್ತಾರೆ. ತಮಿಳಿಗೆ 247 ಅಕ್ಷರ ಅನ್ನುವ ಲೆಕ್ಕದಲ್ಲಿ ಈ 18 ಪುಳ್ಳಿ ವ್ಯಂಜನಗಳೂ ಸೇರಿವೆ. ಹಾಗಾಗಿ ತಮಿಳಿನ ಏಲಕ್ಕಾಯ್ ಎಂಬ ಪದ ಏ, ಲ, ಕ್, ಕಾ, ಯ್ ಎಂದು ಐದು ಚೌಕ. ಉಮ್ಮ ಎಂಬುದೂ ಅವರ ಲೆಕ್ಕಕ್ಕೆ ಉ, ಮ್, ಮಾ ಎಂದು ಮೂರು. ಅವಳು ವಾಸ ಮಾಡುವ ಊರಿನ ಹೆಸರನ್ನೇ ನೋಡಿ. ಕನ್ನಡದಲ್ಲಿ ಕಂ, ಬಂ ಎರಡೇ ಚೌಕ. ತಮಿಳಿನಲ್ಲಿ ಕ, ಮ್, ಪ, ಮ್ ನಾಲ್ಕು. ಇಂಗ್ಲಿಷಿನಲ್ಲಿ ಬರೆದರೆ ಆರು. ಊರು ಒಂದೇ, ಅಳತೆ ಮೂರು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಮಿಲಿಮೀಟರಿನ ಬೋಲ್ಟಿಗೆ ಇಂಚಿನ ನಟ್ ಕೂರದಿದ್ದರೆ ಯಾರೂ ನಟ್ಟನ್ನು ಬೈಯುವುದಿಲ್ಲ. ಆದರೆ ನಾನು ಮಗುವನ್ನು ಬೈದಿದ್ದೆ.

ಪಕ್ಕದ ಅಂಗಡಿಯ ಹಿರಿಯರು ಇದನ್ನೆಲ್ಲ ನೋಡುತ್ತಾ ಕೂತಿದ್ದರು. ಅವರ ಮನೆಮಾತು ಕನ್ನಡ. ತೇನಿ, ದಿಂಡಿಗಲ್ ಕಡೆ ಕಪ್ಪಿಲಿಯರ್, ಅನುಪ್ಪರ್ ಎಂಬ ಸಮುದಾಯಗಳು ತಲೆಮಾರುಗಳಿಂದ ಮನೆಯಲ್ಲಿ ಒಂದು ಬಗೆಯ ಕನ್ನಡ ಆಡುತ್ತವೆ, ಓದುಬರಹ ಮಾತ್ರ ತಮಿಳಿನಲ್ಲಿ. ಅವರನ್ನು ಕೇಳಿದೆ, "ಅಕ್ಕ ಅನ್ನುವುದರಲ್ಲಿ ಎಷ್ಟು ಅಕ್ಷರ?" ಬೆರಳು ಮಡಚಿ ಮೂರು ಅಂದರು. ಕನ್ನಡ ಮಾತಾಡುವ, ಎಪ್ಪತ್ತು ದಾಟಿದ ಮನುಷ್ಯ. ಅವರಿಗೆ ಕನ್ನಡ ಬರುವುದಿಲ್ಲ ಅಂತ ನಾನು ಹೇಳಲಿಕ್ಕಾಗುತ್ತದಾ? ಹಾಗಾದರೆ ಸೊಸೆಗೆ ಬ್ಯಾರಿ ಬರುವುದಿಲ್ಲ ಅಂತ ಹೇಗೆ ಹೇಳಲಿ?

ಬರೀ ಎಣಿಕೆ ಬೇರೆಯಾದರೆ ದೊಡ್ಡ ಸಂಗತಿಯಲ್ಲ. ಪದ ಊಹಿಸುವ ದಾರಿಯೂ ಬೇರೆಯಾಗುತ್ತದೆ. ಐದು ಚೌಕದ ತಮಿಳು ಪದದಲ್ಲಿ ಮೂರನೆಯದು ಕ್ ಅಂತ ಸಿಕ್ಕಿತು ಅನ್ನಿ. ತಮಿಳಿನ ಸ್ವಂತ ಪದಗಳಲ್ಲಿ ಕ್ ಆದ ಮೇಲೆ ಕ ಗುಣಿತವೇ ಬರಬೇಕು, ಕಾ ಅಥವಾ ಕಿ ಅಥವಾ ಕು. ಅಂದರೆ ಒಂದು ಚೌಕ ಸಿಕ್ಕಿದ ಕೂಡಲೇ ಮುಂದಿನ ಚೌಕದ ಅರ್ಧ ಸಿಕ್ಕಿದ ಹಾಗೆ. ಸೊಸೆಗೆ ಅಭ್ಯಾಸ ಇರುವುದು ಹೀಗೆ ಒಂದೊಂದೇ ಮೆಟ್ಟಿಲು ಹತ್ತುವ ಆಟ.

ಕನ್ನಡದಲ್ಲಿ ಆ ಮೆಟ್ಟಿಲು ಇಲ್ಲ. ಕ್ಕಿ ಸಿಕ್ಕಿದರೆ ಪೂರ್ತಿ ಸಿಗುತ್ತದೆ, ಇಲ್ಲದಿದ್ದರೆ ಏನೂ ಇಲ್ಲ. ಆದರೆ ಸಿಕ್ಕಿದ ಒಂದು ಚೌಕದ ತೂಕ ಹೆಚ್ಚು. ಇಂಗ್ಲಿಷಿನಲ್ಲಿ ಖಾಲಿ ಚೌಕಕ್ಕೆ 26 ಸಾಧ್ಯತೆ. ಕನ್ನಡದಲ್ಲಿ ಒತ್ತಕ್ಷರ ಬಿಟ್ಟು ಗುಣಿತ ಮಾತ್ರ ಎಣಿಸಿದರೂ 400ಕ್ಕೂ ಹೆಚ್ಚು. ಎರಡನೆಯ ಚೌಕ ಲ ಅಂತ ಗೊತ್ತಾದರೆ ಅದು ಲಿ ಅಲ್ಲ, ಲು ಅಲ್ಲ, ಲೆ ಅಲ್ಲ ಅಂತಲೂ ಗೊತ್ತಾದ ಹಾಗೆ. ಆಗ ಮೂರಕ್ಷರದಲ್ಲಿ ಹಲಸು, ಹಲಗೆ, ಕಲಶ, ಫಲಕ, ಸಲಗ, ಏಲಕ್ಕಿ ಇಂಥವು ಉಳಿಯುತ್ತವೆ. ಪರಿಮಳ ಅನ್ನುವ ಸುಳಿವು ಓದಿ ಅವಸರದವರು ಹಲಸು ಬರೆಯಬಹುದು. ಮೇಲಿನಿಂದ ಕೆಳಕ್ಕೆ ಬರುವ ಪದ ಹಕ್ಕಿ ಆಗಿದ್ದರೆ ಕೊನೆಯ ಚೌಕ ಕ್ಕಿ ಆಗುತ್ತದೆ, ಹಲಸು ಬಿದ್ದುಹೋಗುತ್ತದೆ, ಏಲಕ್ಕಿ ಒಂದೇ ನಿಲ್ಲುತ್ತದೆ. ಇಲ್ಲಿ ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಿಕೊಡಬಹುದು. ಕ್ಕ, ಮ್ಮ, ತ್ತ ಇಂಥ ಸಜಾತಿ ಒತ್ತಿನಿಂದ ಪದ ಶುರುವಾಗುವುದಿಲ್ಲ. ಆದ್ದರಿಂದ ಅಂಥ ಚೌಕವನ್ನು ಹಾದುಹೋಗುವ ಪದದ ತಲೆ ಬೇರೆ ಕಡೆ ಇದೆ.

ಎಲ್ಲ ಚೌಕಗಳ ತೂಕ ಒಂದೇ ಅಲ್ಲ. ನಮ್ಮ ಹೆಸರನ್ನೇ ತೆಗೆದುಕೊಳ್ಳಿ. ಬ್ಯಾರಿ ಅಂದರೆ ಬ್ಯಾ, ರಿ ಎರಡು ಚೌಕ. ಎರಡನೆಯದು ಮಾತ್ರ ಗೊತ್ತಿದ್ದರೆ ಗರಿ, ಕುರಿ, ಮರಿ, ಗುರಿ, ದಾರಿ, ಸರಿ ಎಲ್ಲವೂ ಹಿಡಿಯುತ್ತವೆ. ಮೊದಲನೆಯದು ಗೊತ್ತಿದ್ದರೆ ಬ್ಯಾಗ್, ಬ್ಯಾಟ್ ಬಿಟ್ಟರೆ ಹೆಚ್ಚೇನೂ ಇಲ್ಲ. ಪದಬಂಧ ಮಾಡುವವರು ಅಡ್ಡ ಪದವನ್ನೂ ಉದ್ದ ಪದವನ್ನೂ ಕೂಡಿಸುವ ಚೌಕವನ್ನು ಇದನ್ನು ನೋಡಿಯೇ ಆರಿಸಬೇಕು. ಸುಳಿವು ಕಷ್ಟ ಇದ್ದರೆ ಅಪರೂಪದ ಅಕ್ಷರದಲ್ಲಿ ಕೂಡಿಸಿ, ಸುಲಭ ಇದ್ದರೆ ರಿ ಸಾಕು.

"ಇಷ್ಟೆಲ್ಲ ಯಾಕೆ, ವಾಟ್ಸಾಪಿನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಮಾಡು" ಅಂತ ಭಾವ ಹೇಳಿದರು. ಅದರಲ್ಲಿ ನ್ಯಾಯ ಇಲ್ಲದಿಲ್ಲ, ಮಂಗಳೂರಿನ ಮಗುವಿಗೂ ಕಂಬಂನ ಮಗುವಿಗೂ ಆ ಲೆಕ್ಕ ಒಂದೇ ಆಗುತ್ತದೆ. ಆದರೆ ಅಲ್ಲಿ ಬರವಣಿಗೆ ಒಂದೇ ಇಲ್ಲ. ನಮ್ಮ ಹೆಸರನ್ನೇ BEARY ಅಂತಲೂ BYARI ಅಂತಲೂ ಬರೆಯುತ್ತೇವೆ. ಎರಡೂ ಐದಕ್ಷರ, ಎರಡೂ B_AR_ ಎಂಬ ಮಾದರಿಗೆ ಕೂರುತ್ತವೆ. ಕೂಡುವ ಚೌಕ ಎರಡನೆಯದಾದರೆ E ಬರೆಯಬೇಕೋ Y ಬರೆಯಬೇಕೋ? ಬಿಡಿಸುವವನಿಗೆ ಪದ ಗೊತ್ತಿದ್ದರೂ ಅಕ್ಷರ ಗೊತ್ತಿರುವುದಿಲ್ಲ.

ಈ ತೊಂದರೆ ಕನ್ನಡ ಲಿಪಿಯಲ್ಲಿ ಬರೆದಾಗಲೂ ನಮ್ಮನ್ನು ಪೂರ್ತಿ ಬಿಡುವುದಿಲ್ಲ ಎಂಬುದನ್ನು ಒಪ್ಪಬೇಕು. ನಮ್ಮ ಮಾತಿನಲ್ಲಿ ಣ, ಳ ಸದ್ದುಗಳು ನ, ಲ ಆಗಿವೆ, ಆದರೆ ಕನ್ನಡ ಶಾಲೆಯಲ್ಲಿ ಓದಿದವರ ಕೈ ಣ, ಳ ಅಂತಲೇ ಬರೆಯುತ್ತದೆ. ಕಣ್ಣಿಗೆ ನಾವು ಹೇಳುವ ಮಾತನ್ನು ಒಬ್ಬರು ಕನ್ನ್ ಅಂತ ಬರೆದರೆ ಇನ್ನೊಬ್ಬರು ಕಣ್ಣ್, ಮತ್ತೊಬ್ಬರು ಕನ್ನು ಅಂತ ಬರೆಯುತ್ತಾರೆ. ಹೇಗೆ ಬರೆದರೂ ಎರಡೇ ಚೌಕ, ಹಾಗಾಗಿ ಎಣಿಸುವಾಗ ತಪ್ಪು ಕಾಣುವುದಿಲ್ಲ. ಎರಡನೆಯ ಚೌಕದ ಮೂಲಕ ಬೇರೆ ಪದ ಹಾದುಹೋದಾಗ ಮಾತ್ರ ಅದು ಒಡೆಯುತ್ತದೆ. ಮಲಯಾಳಂ ಓದಿದ ಕಾಸರಗೋಡಿನವರು ಕಂಬ ಎಂಬುದನ್ನು ಕ, ಮ್ಬ ಎಂದು ಒಡೆಯಬಹುದು, ನಾವು ಕಂ, ಬ ಎಂದು ಒಡೆಯುತ್ತೇವೆ. ಅಲ್ಲೂ ಅಷ್ಟೇ, ಉದ್ದ ಒಂದೇ, ಚೌಕದೊಳಗಿನದು ಬೇರೆ.

ಕಂಪ್ಯೂಟರನ್ನೂ ನಂಬಿ ಕೂರಬೇಡಿ. ನಾನು ಬಳಸಿದ ಒಂದು ಪದಬಂಧದ ಸಾಫ್ಟ್‌ವೇರು ಬ್ಯಾರಿ ಎಂಬುದಕ್ಕೆ ಆರು ಚೌಕ ಕೊಟ್ಟಿತು. ಅದು ಬ, ವಿರಾಮ ಚಿಹ್ನೆ, ಯ, ದೀರ್ಘ, ರ, ಗುಡಿಸು ಎಂದು ಒಂದೊಂದನ್ನೂ ಬೇರೆ ಎಣಿಸಿತ್ತು. ಯಾವ ಮನುಷ್ಯನೂ ಹಾಗೆ ಎಣಿಸುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ನಮ್ಮ ಕುಟುಂಬ ಕೂಟಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಬ್ಯಾರಿ ಪದಬಂಧ ಹಾಕುವುದಾದರೆ ಕನ್ನಡ ಲಿಪಿಯಲ್ಲೇ, ಕನ್ನಡದ ಲೆಕ್ಕದಲ್ಲೇ ಹಾಕೋಣ. ಆದರೆ ಆಟದ ಮೇಲ್ಗಡೆ ಮೂರು ಮಾದರಿ ಬಿಡಿಸಿ ತೋರಿಸೋಣ: ಉಮ್ಮ ಎರಡು, ಕಂಬಂ ಎರಡು, ಬಸ್ ಎರಡು. ಒತ್ತು, ಸೊನ್ನೆ, ಕೊನೆಯ ಅರ್ಧಾಕ್ಷರ ಮೂರರ ಲೆಕ್ಕವೂ ಅದರಲ್ಲೇ ತಿಳಿಯುತ್ತದೆ. ಎರಡು ಬಗೆಯಲ್ಲಿ ಬರೆಯುವ ಚೌಕದ ಮೂಲಕ ಬೇರೆ ಪದ ಹಾಯಿಸದಿರೋಣ. ತಿದ್ದುವಾಗ ಬರೀ ಖಾಲಿ ಚೌಕವನ್ನು ನೋಡದೆ, ಮಗು ನಡುವಿನ ಚೌಕದಲ್ಲಿ ಕ್, ಮ್ ಬರೆದು ನಿಂತಿದೆಯೇ ಎಂದು ನೋಡೋಣ. ಹಾಗೆ ನಿಂತಿದ್ದರೆ ಮಗುವಿಗೆ ಪದ ಗೊತ್ತು, ನಮ್ಮ ಅಳತೆ ಗೊತ್ತಿಲ್ಲ ಅಷ್ಟೇ.

ಇದನ್ನು ಹೇಳುವುದು ಯಾಕೆಂದರೆ, ಊರು ಬಿಟ್ಟು ವ್ಯಾಪಾರಕ್ಕೆ ಹೋದ ನಮ್ಮ ಮನೆಗಳ ಮಕ್ಕಳಿಗೆ ಬ್ಯಾರಿ ಬಂದದ್ದು ಕಿವಿಯಿಂದ, ಪುಸ್ತಕದಿಂದಲ್ಲ. ಒಂದು ಹಾಳೆಯಲ್ಲಿ ನಾಲ್ಕು ತಪ್ಪು ಬಿದ್ದರೆ ತನಗೆ ಬ್ಯಾರಿ ಬರುವುದಿಲ್ಲ ಅಂತ ಆ ಮಗು ತೀರ್ಮಾನ ಮಾಡಿಬಿಡುತ್ತದೆ. ಮುಂದಿನ ಸಲ ನಮ್ಮೆದುರು ತಮಿಳಿನಲ್ಲೇ ಮಾತಾಡುತ್ತದೆ.

ಲೆಕ್ಕ ತಿಳಿಸಿ ಅದೇ ಹಾಳೆಯನ್ನು ಸೊಸೆಗೆ ಮತ್ತೆ ಕೊಟ್ಟೆ. ಕಾಲು ಗಂಟೆಯಲ್ಲಿ ಎರಡು ಚೌಕ ಬಿಟ್ಟು ಉಳಿದದ್ದೆಲ್ಲ ತುಂಬಿಸಿದಳು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟು, "ಈಗ ನೀವು ಹೇಳಿ ಮಾಮ, ದಿಂಡಿಗಲ್ಲಿಗೆ ತಮಿಳಿನಲ್ಲಿ ಎಷ್ಟು?" ಅಂದಳು. ನಾನು ನಾಲ್ಕು ಅಂದೆ. ತಿ, ಣ್, ಡು, ಕ್, ಕ, ಲ್ ಅಂತ ಬೆರಳು ಮಡಚಿ ಆರು ತೋರಿಸಿ, ನನಗೊಂದು ತಪ್ಪು ಹಾಕಿದಳು.