ನಾಲ್ವರು ಕಟ್ಟಿದ ಯಂತ್ರ

ತರೀಕೆರೆಯ ಸುತ್ತಮುತ್ತ ಅಡಕೆ ತೋಟಗಳುಂಟು. ತೋಟಕ್ಕೆ ನೀರು ಹಾಯಿಸುವ ಚಿಂತೆ ಇಲ್ಲಿಯ ಮಕ್ಕಳಿಗೂ ಹೊಸದಲ್ಲ. ಆದುದರಿಂದ ಕಳೆದ ವರ್ಷ ನಮ್ಮ ಬೀದಿಯ ನಾಲ್ವರು ವಿದ್ಯಾರ್ಥಿಗಳು, ಮಣ್ಣು ಒಣಗಿದೊಡನೆ ತಾನಾಗಿಯೇ ನೀರು ಹರಿಸುವ ಪುಟ್ಟ ಯಂತ್ರವೊಂದನ್ನು ವಸ್ತುಪ್ರದರ್ಶನಕ್ಕಾಗಿ ಕಟ್ಟಹೊರಟಾಗ ನನಗೆ ಸಂತೋಷವಾಯಿತು. ಅವರು ಕೆಲಸ ಹಂಚಿಕೊಂಡ ಬಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಕಂಪ್ಯೂಟರ್ ಬಲ್ಲವನಿಗೆ ಪ್ರೋಗ್ರಾಂ, ಬೆಸುಗೆ ಬಲ್ಲವನಿಗೆ ತಂತಿ, ಬಡಗಿಯ ಮಗನಿಗೆ ಪೆಟ್ಟಿಗೆ. ಅಕ್ಷರ ದುಂಡಗಿದೆಯೆಂದು ಹುಡುಗಿಗೆ ವರದಿ! ಬಲ್ಲವರು ಬಲ್ಲುದನ್ನೇ ಮತ್ತೊಮ್ಮೆ ಮಾಡಿದರೆ ಯಂತ್ರವೇನೋ ಬೇಗ ಸಿದ್ಧವಾದೀತು. ಕಾರ್ಖಾನೆಗೆ ಅದು ಸರಿ. ಶಾಲೆಯ ಮಕ್ಕಳು ಅದರಿಂದ ಕಲಿತುದೇನು?

ವಿದ್ಯೆಗಳನ್ನಲ್ಲ, ಯಂತ್ರದ ಅಂಗಗಳನ್ನು ಹಂಚಿಕೊಳ್ಳಿರೆಂದು ನಾನು ಹೇಳಿದೆ. ಮಣ್ಣಿನ ತೇವವನ್ನು ಅಳೆಯುವುದು ಒಬ್ಬನ ಪಾಲು. ತೊಟ್ಟಿಯ ನೀರಿನ ಮಟ್ಟವನ್ನು ಅರಿಯುವುದು ಹುಡುಗಿಯದು. ಪಂಪನ್ನು ನಡೆಸುವ ರಿಲೇ ಮತ್ತೊಬ್ಬನದು. ಸ್ಥಿತಿಯನ್ನು ತೋರುವ ಪರದೆ ಉಳಿದವನದು. ಪರದೆಯಲ್ಲಿ ಯಂತ್ರಕೆಲಸ ಕಡಿಮೆಯಾದುದರಿಂದ ಇಡೀ ಯಂತ್ರದ ಪೆಟ್ಟಿಗೆಯೂ ಅವನಿಗೇ ಬಂದಿತು. ವರದಿಯಲ್ಲಿ ತನ್ನ ಪುಟವನ್ನು ಪ್ರತಿಯೊಬ್ಬನೂ ತಾನೇ ಬರೆಯತಕ್ಕದ್ದು.

ಹುಡುಗಿಯ ಪಾಲನ್ನೇ ನೋಡಿ. ತೇಲುವ ಸ್ವಿಚ್ಚು ತೊಟ್ಟಿಯ ಗೋಡೆಗೆ ತಗುಲಿ ಸಿಕ್ಕಿಕೊಳ್ಳದಂತೆ ಅವಳು ತಗಡಿನ ಹಿಡಿಕೆ ಮಾಡಬೇಕಾಯಿತು. ಅದರ ಒಂದು ತಂತಿಯನ್ನು ಆರ್ಡುಯಿನೊ ಹಲಗೆಯ 2ನೆಯ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಸೇರಿಸಿದಳು. ಸ್ವಿಚ್ಚು ತೆರೆದಿದ್ದಾಗ ಓದು ಮನಬಂದಂತೆ ಕುಣಿಯುತ್ತಿತ್ತು. ಪಿನ್ನಿಗೆ ಯಾವ ಆಧಾರವೂ ಇಲ್ಲದಿದ್ದುದೇ ಕಾರಣವೆಂದು ತಿಳಿದು ಪ್ರೋಗ್ರಾಮಿನಲ್ಲಿ ಈ ಸಾಲನ್ನು ಸೇರಿಸಿದಳು:

```
pinMode(2, INPUT_PULLUP);
```

ಓದು ಸ್ಥಿರವಾಯಿತು. ಅಂಗ ಚಿಕ್ಕದು, ಆದರೆ ಮೂರು ವಿದ್ಯೆಗಳೂ ಅದರೊಳಗಿದ್ದವು.

ಈ ಕ್ರಮದ ತೊಡಕು ಅಂಗಗಳನ್ನು ಜೋಡಿಸುವಾಗ ಕಾಣಿಸಿಕೊಳ್ಳುತ್ತದೆ. ಯಾವ ಪಿನ್ನು ಯಾರದೆಂಬ ಪಟ್ಟಿಯನ್ನು ಮೊದಲ ದಿನವೇ ಗೋಡೆಗೆ ಅಂಟಿಸಿದ್ದರು; ಅದರಿಂದ ಒಂದು ಜಗಳ ತಪ್ಪಿತು. ಆದರೂ ಬಿಡಿಬಿಡಿಯಾಗಿ ಚೆನ್ನಾಗಿ ನಡೆದ ಅಂಗಗಳು ಕೂಡಿದಾಗ, ತೊಟ್ಟಿ ಬರಿದಾದರೂ ಪಂಪು ಓಡುತ್ತಲೇ ಇತ್ತು. ಹುಡುಗಿ ಗಡಿಯಾರ ಹಿಡಿದು ಕುಳಿತಳು. ಪಂಪು ನಿಲ್ಲಲು ಒಮ್ಮೆ 2 ಸೆಕೆಂಡು, ಒಮ್ಮೆ 9 ಸೆಕೆಂಡು ಹಿಡಿಯಿತು; 10ನ್ನು ಮಾತ್ರ ಎಂದೂ ದಾಟಲಿಲ್ಲ. ತೇವ ಅಳೆಯುವವನ ಬರಹದಲ್ಲಿ `delay(10000)` ಎಂದಿತ್ತು. ಆ 10 ಸೆಕೆಂಡು ಹಲಗೆ ಸುಮ್ಮನಿದ್ದು, ಸ್ವಿಚ್ಚಿನ ಕಡೆ ನೋಡುತ್ತಲೇ ಇರಲಿಲ್ಲ. ಕಳೆದ ಕಾಲವನ್ನು `millis()` ಇಂದ ಲೆಕ್ಕ ಹಾಕಿ, ಕಾಯುವುದನ್ನು ಬಿಟ್ಟಮೇಲೆ ಪಂಪು ಆ ಕ್ಷಣವೇ ನಿಂತಿತು. ವರದಿಯನ್ನಷ್ಟೇ ಬರೆದಿದ್ದರೆ ಆ ಹುಡುಗಿಗೆ ಈ ತಪ್ಪು ಹೊಳೆಯುತ್ತಿತ್ತೇ?

ಇದಕ್ಕೆ ಕಾಲ ಹೆಚ್ಚು ಬೇಕೆಂಬುದು ನಿಜ. ಬಲ್ಲವನು ಬಾಯಿಯಿಂದ ಹೇಳಿಕೊಡಬಹುದು, ಇನ್ನೊಬ್ಬನ ಕೀಲಿಮಣೆಯನ್ನು ಮುಟ್ಟಕೂಡದೆಂಬ ನಿಯಮವನ್ನು ಪಾಲಿಸುವುದು ಕಂಪ್ಯೂಟರ್ ಬಲ್ಲ ಹುಡುಗನಿಗೆ ಬಲು ಕಷ್ಟವಾಯಿತು. ಅವನ ಮೊದಲ ಬೆಸುಗೆಗಳೂ ಎರಡು ಬಾರಿ ಬಿಟ್ಟುಕೊಂಡವು. ಮೂರನೆಯ ಬಾರಿಗೆ ನಿಂತವು.